ಕಳೆದುಹೋದ ಪಾರ್ಸೆಲ್: ಮತ್ತೆ ಕಳಿಸುವುದೋ, ಹಣ ವಾಪಸ್ಸು ಕೊಡುವುದೋ?

ನಾನು ಡೊಂಬಿವಲಿಯಲ್ಲಿರುವವಳು. ಇಳಕಲ್ಲಿನಿಂದ ಸೀರೆ ತರಿಸಿ, ಮನೆಯಿಂದಲೇ ಮಾರುತ್ತೇನೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಫೋನಿನಲ್ಲಿ ಫೋಟೋ ಹೋಗುತ್ತದೆ, ಯುಪಿಐನಲ್ಲಿ ಹಣ ಬರುತ್ತದೆ, ಕೊರಿಯರಿನಲ್ಲಿ ಸೀರೆ ಹೋಗುತ್ತದೆ. ಈ ಕಾರ್ಯಕ್ರಮ ಕೇಳುವವರಲ್ಲಿ ನನ್ನಂಥವರು ಇನ್ನೂ ಎಷ್ಟೋ ಜನ ಇದ್ದೀರಿ ಎಂದು ಬಲ್ಲೆ. ಪುಣೆಯಲ್ಲಿ ಕೂತು ಶೇಂಗಾ ಚಟ್ನಿಪುಡಿ ಕಳಿಸುವವರು, ಚೆನ್ನೈಯಲ್ಲಿ ಕಸೂತಿ ಹಾಕಿ ಮಾರುವವರು, ಹೈದರಾಬಾದಿನಿಂದ ಕನ್ನಡ ಪುಸ್ತಕ ಕಳಿಸುವವರು. ಇನ್ನು ಮಾರದೇ ಇರುವವರೂ ತರಿಸಿಕೊಳ್ಳುವವರಂತೂ ಹೌದಷ್ಟೆ.

ಇವತ್ತು ಒಂದೇ ಒಂದು ವಿಷಯ ಮಾತಾಡುತ್ತೇನೆ. ಹಣ ಬಂದಿದೆ, ಸಾಮಾನು ಕಳಿಸಿಯಾಗಿದೆ, ಅದು ದಾರಿಯಲ್ಲಿ ಕಾಣೆಯಾಗಿದೆ. ಈಗ ಮಾರಿದವರು ಏನು ಮಾಡಬೇಕು? ಇನ್ನೊಂದು ಕಳಿಸಬೇಕೇ, ಹಣ ವಾಪಸ್ಸು ಕೊಡಬೇಕೇ? ಇದಕ್ಕೆ ನಾನು ಕಲಿತದ್ದನ್ನು ಒಂದು ಹಸಿರು ಸೀರೆಯ ಕತೆಯ ಮೂಲಕ ಹೇಳುತ್ತೇನೆ. ಸಣ್ಣ ಲೆಕ್ಕವೂ ಬರುತ್ತದೆ, ಒಂದು ಪೆನ್ನು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ದೆಹಲಿಯಲ್ಲಿರುವ, ಮೂಲತಃ ಗದಗ ಕಡೆಯ ಒಬ್ಬ ತಾಯಿ ನನ್ನಿಂದ ಒಂದು ಇಳಕಲ್ ಸೀರೆ ಕೊಂಡರು. ಮಗಳ ಕುಬಸಕ್ಕೆ. ನಮ್ಮ ಉತ್ತರ ಕರ್ನಾಟಕದಲ್ಲಿ ಸೀಮಂತಕ್ಕೆ ಕುಬಸ ಎನ್ನುವುದು ನಿಮಗೆ ಗೊತ್ತು. ಬಸುರಿಗೆ ಹಸಿರು ಸೀರೆ ಉಡಿಸಬೇಕು, ಅದು ತವರಿನಿಂದಲೇ ಬರಬೇಕು. ಅವರು ಆರಿಸಿದ್ದು ಹಸಿರು ಒಡಲು, ಕೆಂಪು ಟೋಪ್ ತೆನಿ ಸೆರಗು, ಚಿಕ್ಕಿ ಪರಾಸ್ ದಡಿಯ ಸೀರೆ. ಬೆಲೆ 3,200 ರೂಪಾಯಿ, ಕೊರಿಯರ್ ಖರ್ಚು ಅದರಲ್ಲೇ ಸೇರಿತ್ತು. ಕಾರ್ಯಕ್ರಮ 23ನೇ ತಾರೀಖು, ಭಾನುವಾರ. ನಾನು 3ನೇ ತಾರೀಖು ಸೋಮವಾರ ಒಂದು ಖಾಸಗಿ ಕೊರಿಯರಿಗೆ ಕೊಟ್ಟೆ. ಐದು ದಿನದಲ್ಲಿ, ಅಂದರೆ ಶನಿವಾರ 8ಕ್ಕೆ ತಲುಪುತ್ತದೆ ಎಂದರು. ನಾನೂ ಅವರಿಗೆ ಹಾಗೆಯೇ ಹೇಳಿದೆ.

10ನೇ ತಾರೀಖು ಸೋಮವಾರ ಬೆಳಿಗ್ಗೆ ಫೋನ್ ಬಂತು.

"ಅಕ್ಕಾರ, ಸೀರಿ ಇನ್ನೂ ಬಂದಿಲ್ಲರಿ. ಕುಬಸ ಬಂದ ಬಿಡ್ತು."

ನಾನು ಕೊರಿಯರಿನ ಜಾಲತಾಣ ತೆರೆದು ನೋಡಿದೆ. 4ನೇ ತಾರೀಖು ಮಂಗಳವಾರ ರಾತ್ರಿ ಭಿವಂಡಿಯ ಕೇಂದ್ರದಿಂದ ಹೊರಟಿತು ಎಂದು ಕೊನೆಯ ಸಾಲು. ಆಮೇಲೆ ಏನೂ ಇಲ್ಲ.

ಈ ಟ್ರ್ಯಾಕಿಂಗ್ ಸಾಲುಗಳನ್ನು ನಾವು ಬಸ್ ಬಂತೋ ಇಲ್ಲವೋ ಎನ್ನುವಂತೆ ನೋಡಿ ಮುಚ್ಚಿಬಿಡುತ್ತೇವೆ. ಸ್ವಲ್ಪ ನಿಂತು ಓದಬೇಕು. ನಮ್ಮ ಪೊಟ್ಟಣ ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ. ಒಂದು ದೊಡ್ಡ ಚೀಲದಲ್ಲಿ ಹತ್ತಾರು ಪೊಟ್ಟಣ ಹಾಕಿ, ಬಾಯಿ ಕಟ್ಟಿ, ಚೀಲಕ್ಕೆ ಒಂದು ಚೀಟಿ ಅಂಟಿಸುತ್ತಾರೆ. ಲಾರಿಗೆ ಏರುವಾಗ, ಇಳಿಯುವಾಗ ಸ್ಕ್ಯಾನ್ ಆಗುವುದು ಹೆಚ್ಚಾಗಿ ಆ ಚೀಲದ ಚೀಟಿ. ಮುಂದಿನ ಕೇಂದ್ರದಲ್ಲಿ ಚೀಲ ಬಿಚ್ಚಿದ ಮೇಲೆಯೇ ನಮ್ಮ ಪೊಟ್ಟಣದ ಸರದಿ. ಹೀಗಾಗಿ "ಹೊರಟಿತು" ಎಂದಿದ್ದು "ತಲುಪಿತು" ಎಂದಿಲ್ಲದಿದ್ದರೆ ಎರಡು ಸಾಧ್ಯತೆ. ಇಡೀ ಚೀಲವೇ ಎಲ್ಲೋ ನಿಂತಿರಬಹುದು, ಅಥವಾ ಬೇರೆ ಊರಿನ ಲಾರಿ ಹತ್ತಿರಬಹುದು. ಅಂಥದ್ದು ಕೆಲವು ದಿನಗಳಲ್ಲಿ ಸಿಗುವ ಸಂಭವ ಹೆಚ್ಚು. ಆದರೆ ಚೀಲ ತಲುಪಿ, ಅದರೊಳಗಿನ ಮಿಕ್ಕ ಪೊಟ್ಟಣಗಳೆಲ್ಲ ಹಂಚಿಕೆಯಾಗಿ, ನಮ್ಮದೊಂದೇ ಇಲ್ಲ ಎಂದರೆ ಚೀಟಿ ಕಿತ್ತುಹೋಗಿದೆ ಅಥವಾ ಯಾರೋ ತೆಗೆದಿದ್ದಾರೆ. ಅದನ್ನು ಕಾಯುವುದರಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಇದನ್ನು ನಾವು ಜಾಲತಾಣದಲ್ಲಿ ನೋಡಲಾರೆವು. ಕೊರಿಯರಿನವರಿಗೆ ಫೋನ್ ಮಾಡಿ, "ಆ ಚೀಲ ದೆಹಲಿಯಲ್ಲಿ ಬಿಚ್ಚಿದ್ದೀರಾ?" ಎಂದು ಇದನ್ನೇ ಕೇಳಬೇಕು. "ನನ್ನ ಪಾರ್ಸೆಲ್ ಎಲ್ಲಿದೆ?" ಎಂದರೆ "ದಾರಿಯಲ್ಲಿದೆ ಮೇಡಂ" ಎನ್ನುವ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ.

ನನಗೂ ಮೊದಲು ಅದೇ ಉತ್ತರ ಬಂತು. ದೂರು ಬರೆಸಿ ಅದರ ನಂಬರ್ ತೆಗೆದುಕೊಂಡೆ. 12ನೇ ತಾರೀಖು ಬುಧವಾರ ಮತ್ತೆ ಕೇಳಿದಾಗ ಗೊತ್ತಾಯಿತು: ಚೀಲ ದೆಹಲಿಯಲ್ಲಿ 7ಕ್ಕೇ ಬಿಚ್ಚಿದೆ. ನನ್ನ ಪೊಟ್ಟಣ ಅದರ ಪಟ್ಟಿಯಲ್ಲಿದೆ, ಚೀಲದಲ್ಲಿ ಇಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದಲ್ಲ? ಎಷ್ಟು ದಿನ ಕಾಯಬೇಕು? ಇದಕ್ಕೆ ಹತ್ತು ದಿನ, ಹದಿನೈದು ದಿನ ಎಂದು ಎಲ್ಲರೂ ಒಂದೊಂದು ಅಂಕಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಅಂಥ ಅಂಕಿಯಿಂದ ಉಪಯೋಗವಿಲ್ಲ. ಕೊಂಡವರಿಗೆ ಸಾಮಾನು ಯಾವತ್ತು ಬೇಕು ಎನ್ನುವುದರಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ನಾನು ಎಣಿಸಿದ್ದು ಹೀಗೆ. ಕುಬಸ 23ಕ್ಕೆ. ಸೀರೆಗೆ ಫಾಲ್, ಪಿಕೋ ಆಗಬೇಕು, ಅದಕ್ಕೆ ಎರಡು ದಿನ. ಅಂದರೆ 20ಕ್ಕೆ ಗುರುವಾರ ಸೀರೆ ಅವರ ಕೈಯಲ್ಲಿರಬೇಕು. ವಿಮಾನದ ಕೊರಿಯರ್ ಆದರೆ ಮುಂಬಯಿಯಿಂದ ದೆಹಲಿಗೆ ಎರಡು ಮೂರು ದಿನ. 17ರ ಸೋಮವಾರ ಕೊಟ್ಟರೆ 20ಕ್ಕೆ ಸರಿಯಾಗುತ್ತದೆ, ಆದರೆ ಒಂದು ದಿನ ತಪ್ಪಿದರೂ ಮುಗಿಯಿತು. 16 ಭಾನುವಾರ, ಯಾರೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಳಿಸುವುದಾದರೆ 15ರ ಶನಿವಾರವೇ ಕಳಿಸಬೇಕು, ಅಂದಮೇಲೆ ನಿರ್ಧಾರ 14ರ ಶುಕ್ರವಾರ ಸಂಜೆಯೊಳಗೆ ಆಗಬೇಕು.

ಈ ತಾರೀಖನ್ನು ನಾನು 10ರಂದೇ ಎಣಿಸಿ ಆ ತಾಯಿಗೆ ಹೇಳಿಬಿಟ್ಟಿದ್ದೆ. "ಶುಕ್ರವಾರ ಸಂಜೀತನಕ ಹುಡುಕಸ್ತೀನ್ರಿ. ಸಿಗಲಿಲ್ಲ ಅಂದ್ರ ಅವತ್ತೇ ಬ್ಯಾರೆ ದಾರಿ ಮಾಡೂಣು." ಒಂದು ತಾರೀಖು ಕೈಗೆ ಸಿಕ್ಕಿದ ಮೇಲೆ ಅವರು ದಿನಾ ಫೋನ್ ಮಾಡಲಿಲ್ಲ. ನನಗೂ ನಾಲ್ಕು ದಿನ ನೆಮ್ಮದಿಯಿಂದ ಹುಡುಕಿಸಲು ಆಯಿತು. ತುರ್ತಿಲ್ಲದ ಸಾಮಾನಾದರೆ, ಚಟ್ನಿಪುಡಿಯೋ ಪುಸ್ತಕವೋ ಆದರೆ, ಈ ತಾರೀಖು ಇನ್ನೂ ಹಿಂದೆ ಮುಂದೆ ಹೋಗಬಹುದು. ಆದರೆ ತಾರೀಖು ಅಂತೂ ಇರಬೇಕು, ಅದು ಕೊಂಡವರಿಗೂ ಗೊತ್ತಿರಬೇಕು.

ಶುಕ್ರವಾರ ಸಂಜೆಯಾಯಿತು, ಸೀರೆ ಸಿಗಲಿಲ್ಲ. ಈಗ ಲೆಕ್ಕಕ್ಕೆ ಬರೋಣ.

ಕಳೆದುಹೋದ ಸೀರೆ ನನಗೆ ಬಿದ್ದದ್ದು 2,300 ರೂಪಾಯಿಗೆ. ಪ್ಯಾಕಿಂಗ್, ಕೊರಿಯರ್ ಸೇರಿ 150. ಒಟ್ಟು 2,450 ರೂಪಾಯಿ ನನ್ನ ಕೈಯಿಂದ ಹೋಗಿದೆ. ಬಂದದ್ದು 3,200. ಎಲ್ಲ ಸರಿಯಾಗಿ ನಡೆದಿದ್ದರೆ 750 ರೂಪಾಯಿ ಉಳಿಯುತ್ತಿತ್ತು. ಈಗ ಹಣ ವಾಪಸ್ಸು ಕೊಟ್ಟರೆ ಬಂದ 3,200 ಪೂರ್ತಿ ಹೊರಗೆ ಹೋಗುತ್ತದೆ, ನಷ್ಟ 2,450. ಇದು ಸುಲಭ.

ಮತ್ತೆ ಕಳಿಸಿದರೆ? ಅದೇ ಸೀರೆ ಇನ್ನೊಂದು ನನ್ನಲ್ಲಿ ಇರಲಿಲ್ಲ. ಕೈಮಗ್ಗದ ಸೀರೆಯಲ್ಲಿ ಇದು ಯಾವಾಗಲೂ ಇರುವ ತೊಂದರೆ. ಒಂದೇ ಹಾಸಿನಲ್ಲಿ ಕೆಲವೇ ಸೀರೆ ಬರುತ್ತವೆ, ಅವು ಮುಗಿದರೆ ಮುಗಿದವು. ಅದೇ ಹಸಿರಿನಲ್ಲಿ ಗೋಮಿ ದಡಿಯದು ಒಂದಿತ್ತು. ಅದರ ಮಾರುವ ಬೆಲೆ 2,900, ನನಗೆ ಬಿದ್ದದ್ದು 2,100. ಕೊಂಡವರು ಕೊಟ್ಟದ್ದು 3,200 ಆದ್ದರಿಂದ 300 ರೂಪಾಯಿ ವಾಪಸ್ಸು ಕೊಡಬೇಕು. ವಿಮಾನದ ಕೊರಿಯರಿಗೆ, ಪ್ಯಾಕಿಂಗ್ ಸೇರಿ, ಇನ್ನೂ 300. ಕೂಡಿಸಿ ನೋಡಿ. ಮೊದಲಿನ 2,450, ಎರಡನೆಯದರ 2,400, ಒಟ್ಟು ಖರ್ಚು 4,850. ನನ್ನಲ್ಲಿ ಉಳಿಯುವ ಹಣ 2,900. ನಷ್ಟ 1,950 ರೂಪಾಯಿ.

ಅಂದರೆ ಹಣ ವಾಪಸ್ಸು ಕೊಡುವುದಕ್ಕಿಂತ ಮತ್ತೆ ಕಳಿಸುವುದರಲ್ಲಿ 500 ರೂಪಾಯಿ ಕಡಿಮೆ ನಷ್ಟ. ವ್ಯಾಪಾರ ಮಾಡುವವರೆಲ್ಲ "ಮತ್ತೆ ಕಳಿಸಿಬಿಡಿ, ಅದೇ ಲಾಭ" ಎನ್ನುವುದು ಇದಕ್ಕೇ. ಮಾರಾಟ ಉಳಿಯುತ್ತದೆ, ಅದರ ಲಾಭ ನಷ್ಟವನ್ನು ಸ್ವಲ್ಪ ತುಂಬುತ್ತದೆ.

ಆದರೆ ಇಲ್ಲಿ ಒಂದು ಕಣ್ಕಟ್ಟು ಇದೆ, ನನಗೂ ವರ್ಷಗಟ್ಟಲೆ ತಿಳಿದಿರಲಿಲ್ಲ. ಆ ಗೋಮಿ ದಡಿ ಸೀರೆಯನ್ನು ನಾನು ದೆಹಲಿಗೆ ಕಳಿಸದೆ ಇಟ್ಟುಕೊಂಡಿದ್ದರೆ ಅದು ನನ್ನ ಕಪಾಟಿನಲ್ಲಿ ಕೊಳೆಯುತ್ತಿತ್ತೇ? ಇಲ್ಲ. ಹಸಿರು ಇಳಕಲ್ ನನ್ನಲ್ಲಿ ತಿಂಗಳು ನಿಲ್ಲುವುದಿಲ್ಲ. ಬೇರೆ ಯಾರೋ 2,900ಕ್ಕೆ ಕೊಳ್ಳುತ್ತಿದ್ದರು. ಬಿದ್ದ ಬೆಲೆ 2,100, ಮಾಮೂಲಿ ಕೊರಿಯರ್ 150 ಕಳೆದು 650 ಉಳಿಯುತ್ತಿತ್ತು. ಹಣ ವಾಪಸ್ಸು ಕೊಟ್ಟು 2,450 ಕಳೆದುಕೊಂಡು, ಆ ಸೀರೆಯನ್ನು ಬೇರೆಯವರಿಗೆ ಮಾರಿ 650 ಗಳಿಸಿದರೆ ನಿಜವಾದ ನಷ್ಟ 1,800. ಮತ್ತೆ ಕಳಿಸಿದರೆ 1,950. ವ್ಯತ್ಯಾಸ 150 ರೂಪಾಯಿ, ಅದೂ ವಿಮಾನದ ಖರ್ಚಿನಿಂದ ಬಂದದ್ದು!

ಹೀಗಾಗಿ ನಿಮ್ಮ ಸಾಮಾನು ಯಾವ ಜಾತಿಯದು ಎಂದು ಮೊದಲು ನೋಡಿಕೊಳ್ಳಿ. ಚಟ್ನಿಪುಡಿಯಂತೆ ಬೇಕೆಂದಾಗ ಇನ್ನೊಂದು ಡಬ್ಬಿ ಮಾಡಬಹುದಾದರೆ, ಮತ್ತೆ ಕಳಿಸುವುದೇ ನಿಜವಾಗಿ ಅಗ್ಗ, ಏಕೆಂದರೆ ಆ ಡಬ್ಬಿಯಿಂದ ಬೇರೆ ಗಿರಾಕಿ ತಪ್ಪುವುದಿಲ್ಲ. ಕೈಮಗ್ಗದ ಸೀರೆಯಂತೆ ಇರುವುದೇ ಒಂದೆರಡು, ಅವೂ ಹೇಗಿದ್ದರೂ ಮಾರಿಹೋಗುವಂಥವು ಎಂದಾದರೆ, ಎರಡರ ನಷ್ಟವೂ ಹೆಚ್ಚುಕಡಿಮೆ ಒಂದೇ. ಆಗ 500 ರೂಪಾಯಿ ಉಳಿಸುತ್ತಿದ್ದೇನೆ ಎಂದುಕೊಂಡು ಕೊಂಡವರ ಮೇಲೆ ಇನ್ನೊಂದು ಸೀರೆ ಹೇರುವುದರಲ್ಲಿ ಅರ್ಥವಿಲ್ಲ. ಅವರಿಗೆ ಯಾವುದು ಬೇಕೋ ಅದನ್ನೇ ಮಾಡಬಹುದು.

ನಾನು ಫೋನ್ ಮಾಡಿ ಎರಡನ್ನೂ ಹೇಳಿದೆ. "ನಿಮ್ಮ ರೊಕ್ಕ ಪೂರ್ತಿ ಈಗಿಂದೀಗ ವಾಪಸ್ ಹಾಕ್ತೀನಿ, ಅಲ್ಲೇ ಎಲ್ಲಿಯಾದರೂ ಹಸರು ಸೀರಿ ತಗೋರಿ. ಇಲ್ಲಾಂದ್ರ ಅದ ಹಸರಿನ್ಯಾಗ ಗೋಮಿ ದಡಿದು ಒಂದದ, ನಾಳೆ ವಿಮಾನದಾಗ ಕಳಸ್ತೀನಿ, ಮುನ್ನೂರು ರೂಪಾಯಿ ವಾಪಸ್ ಕೊಡ್ತೀನಿ. ಫೋಟೋ ಕಳಸೀನಿ, ನೋಡ್ರಿ." ಫೋಟೋ ಕಳಿಸದೆ ಬೇರೆ ದಡಿ ಕಳಿಸಿದ್ದರೆ ಅದು ಬದಲಿ ಆಗುತ್ತಿರಲಿಲ್ಲ, ತಪ್ಪು ಸಾಮಾನು ಆಗುತ್ತಿತ್ತು. ಅವರು ಮಗಳಿಗೆ ತೋರಿಸಿ ಅರ್ಧ ಗಂಟೆಯಲ್ಲಿ ಹೇಳಿದರು, "ದಡಿ ಯಾವುದಾದರೇನರಿ, ಇಳಕಲ್ಲ ಬೇಕಾಗೇದ. ಕಳಸರಿ."

ಇನ್ನೊಂದು ಮಾತು ಆಗಲೇ ಮಾಡಿಕೊಂಡು, ಬರೆದೂ ಕಳಿಸಿದೆ. ಮೊದಲಿನ ಪೊಟ್ಟಣ ಮುಂದೆಂದಾದರೂ ಮನೆಗೆ ಬಂದರೆ ತೆಗೆದುಕೊಳ್ಳದೆ ವಾಪಸ್ಸು ಕಳಿಸಿಬಿಡಿ, ಅಥವಾ ನನಗೆ ಫೋನ್ ಮಾಡಿ, ಎಂದು. ಕಳೆದುಹೋಯಿತು ಎಂದುಕೊಂಡ ಪಾರ್ಸೆಲ್ ತಿಂಗಳ ಮೇಲೆ ಬಾಗಿಲು ಬಡಿಯುವುದುಂಟು. ಆಗ ಆ ಮಾತು ಎತ್ತಿದರೆ ಇಬ್ಬರಿಗೂ ಮುಜುಗರ. ಮೊದಲೇ ಆಡಿದರೆ ಸಹಜವಾಗಿರುತ್ತದೆ.

ಎರಡನೆಯ ಸೀರೆ ಬೇರೆ ಕೊರಿಯರಿನಲ್ಲಿ ಕಳಿಸಿದೆ. ಮೊದಲನೆಯದು ಯಾಕೆ ಕಾಣೆಯಾಯಿತು ಎಂದು ತಿಳಿಯದಿರುವಾಗ ಅದೇ ದಾರಿಯಲ್ಲಿ ಇನ್ನೊಂದನ್ನು ಕಳಿಸುವುದು ನನಗೆ ಸರಿ ಕಾಣಲಿಲ್ಲ. ಅದು 18ಕ್ಕೆ ಮಂಗಳವಾರ ತಲುಪಿತು.

ಈಗ ನೀವು ಕೇಳಬಹುದು: ತಪ್ಪು ಕೊರಿಯರಿನದು, ನಷ್ಟ ನನಗೇಕೆ? ಅವರಿಂದ ಹಣ ಬಂದಮೇಲೆ ಗಿರಾಕಿಗೆ ಕೊಟ್ಟರಾಯಿತು. ನಾನೂ ಒಂದು ಕಾಲದಲ್ಲಿ ಹಾಗೆಯೇ ಅಂದುಕೊಂಡು ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡೆ. ಚೆನ್ನೈಯವರು. ಎರಡು ಸೀರೆ ಕಾಣೆಯಾಗಿದ್ದವು. "ಕೊರಿಯರಿನವರು ಪರಿಹಾರ ಕೊಡಲಿ, ಕೂಡಲೇ ನಿಮಗೆ ಹಾಕುತ್ತೇನೆ" ಎಂದು ಆರು ವಾರ ಕಾಯಿಸಿದೆ. ಕೊನೆಗೆ ಕೊರಿಯರಿನವರು ರಸೀದಿಯ ಹಿಂದುಗಡೆ ಸಣ್ಣ ಅಕ್ಷರದಲ್ಲಿದ್ದ ಷರತ್ತನ್ನು ತೋರಿಸಿದರು. ಎಷ್ಟೇ ಬೆಲೆಯ ಸಾಮಾನಿರಲಿ, ಕಳೆದರೆ ನೂರು ರೂಪಾಯಿ. ನೂರು ರೂಪಾಯಿ ತೆಗೆದುಕೊಂಡು ಆಮೇಲೆ ನಾನು ಹಣ ಪೂರ್ತಿ ವಾಪಸ್ಸು ಕೊಟ್ಟೆ. ಆದರೆ ಆರು ವಾರದ ಮೇಲೆ ಕೊಟ್ಟ ಹಣಕ್ಕೆ ಯಾರು ತಾನೆ ಸಂತೋಷಪಡುತ್ತಾರೆ? ಅವರು ಮತ್ತೆ ಕೊಳ್ಳಲಿಲ್ಲ.

ಆ ಸಣ್ಣ ಅಕ್ಷರ ಸುಮ್ಮನೆ ಬರೆದದ್ದಲ್ಲ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ನೋಡಿತು. ಜರ್ಮನಿಗೆ ಕೊರಿಯರಿನಲ್ಲಿ ಕಳಿಸಿದ ಕಾಗದಪತ್ರ ತಲುಪದೆ ಕಂಪನಿಗೆ ದೊಡ್ಡ ನಷ್ಟವಾಗಿತ್ತು. ಕೊರಿಯರಿನ ಚೀಟಿಯಲ್ಲಿ ಹೊಣೆ ನೂರು ಡಾಲರಿಗೆ ಮಿತಿ ಎಂದಿತ್ತು, ಕಳಿಸಿದವರು ಅದಕ್ಕೆ ಸಹಿ ಹಾಕಿದ್ದರು. ಸಹಿ ಹಾಕಿದ ಮೇಲೆ ಷರತ್ತಿಗೆ ಕಟ್ಟುಬಿದ್ದಂತೆ ಎಂದು ಕೋರ್ಟು ಹೇಳಿ, ಆ ಮಿತಿಯನ್ನೇ ಎತ್ತಿಹಿಡಿಯಿತು. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟಿನಲ್ಲೂ ವಿಮೆ ಮಾಡಿಸದ ವಸ್ತು ಕಳೆದರೆ ಪರಿಹಾರ ಸಾಮಾನಿನ ಬೆಲೆಯ ಮೇಲಲ್ಲ. ಕಟ್ಟಿದ ಶುಲ್ಕದ ಎರಡರಷ್ಟು ಅಥವಾ ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಎನ್ನುವುದು ಬಹುಕಾಲದ ನಿಯಮ. ನೂರೈವತ್ತು ರೂಪಾಯಿ ಶುಲ್ಕ ಕಟ್ಟಿದವರಿಗೆ ಮುನ್ನೂರು ಎಂದಾಯಿತು. ಬೆಲೆಬಾಳುವ ಸಾಮಾನಾದರೆ ಕಳಿಸುವಾಗಲೇ ವಿಮೆ ಮಾಡಿಸಬೇಕು. ಖಾಸಗಿ ಕೊರಿಯರಿನ ಚೀಟಿಯಲ್ಲಿ "ಓನರ್ಸ್ ರಿಸ್ಕ್" ಎಂದು ಗುರುತು ಹಾಕಿದ್ದರೆ ಹೊಣೆ ನಿಮ್ಮದು ಎಂದರ್ಥ. "ಕ್ಯಾರಿಯರ್ಸ್ ರಿಸ್ಕ್" ಬೇಕೆಂದರೆ ಸ್ವಲ್ಪ ಹೆಚ್ಚು ಕಟ್ಟಬೇಕಾಗುತ್ತದೆ. ನಾನು ಐದು ಸಾವಿರ ದಾಟಿದ ಪೊಟ್ಟಣಕ್ಕೆಲ್ಲ ಕಟ್ಟುತ್ತೇನೆ. ಅದಕ್ಕಿಂತ ಕೆಳಗಿನದನ್ನು ಕಳೆದರೆ ತಡೆದುಕೊಳ್ಳಬಲ್ಲೆ. ನಿಮ್ಮ ಮಿತಿ ಬೇರೆ ಇರಬಹುದು.

ಹಾಗಾಗಿ ಇವು ಎರಡು ಬೇರೆ ಬೇರೆ ಖಾತೆ. ಗಿರಾಕಿ ಹಣ ಕೊಟ್ಟದ್ದು ನನಗೆ, ಸಾಮಾನು ಮನೆಗೆ ತಲುಪಿಸುತ್ತೇನೆಂದು ಮಾತು ಕೊಟ್ಟದ್ದು ನಾನು. ಕೊರಿಯರ್ ಆರಿಸಿದ್ದೂ ನಾನೇ. ಆ ಖಾತೆಯನ್ನು ನಾನು ಮುಗಿಸಬೇಕು. ಕೊರಿಯರಿನ ಮೇಲಿನ ನನ್ನ ದಾವೆ ಇನ್ನೊಂದು ಖಾತೆ, ಅದು ಎಷ್ಟು ದಿನವಾದರೂ ಎಳೆಯಲಿ. ಕೆಲವರು 1930ರ ಸರಕು ಮಾರಾಟ ಕಾಯಿದೆಯನ್ನು ತೆಗೆದು, ಸಾಗಿಸುವವನ ಕೈಗೆ ಕೊಟ್ಟರೆ ಗಿರಾಕಿಗೆ ಕೊಟ್ಟ ಹಾಗೆಯೇ ಅಲ್ಲವೇ ಎನ್ನುತ್ತಾರೆ. ಮೇಲ್ನೋಟಕ್ಕೆ ಹಾಗೆ ಎಂದು ಅದರ 39ನೇ ಕಲಮು ಹೇಳುವುದೇನೋ ನಿಜ. ಆದರೆ ಅದೇ ಕಲಮು, ಸಾಗಣೆಯ ಒಪ್ಪಂದವನ್ನು ಸಾಮಾನಿನ ಸ್ವರೂಪಕ್ಕೆ ತಕ್ಕಂತೆ ಮಾಡದೆ ಸಾಮಾನು ಕಳೆದರೆ, ಕೊಂಡವರು ಅದನ್ನು ಒಪ್ಪಬೇಕಾಗಿಲ್ಲ ಎಂದೂ ಹೇಳುತ್ತದೆ. ಇನ್ನು ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೂ, ಪ್ರವಾಹ ಮುಂತಾದ ಕೈಮೀರಿದ ಕಾರಣವಿಲ್ಲದಿದ್ದರೆ, ಹಣ ವಾಪಸ್ಸು ಕೊಡಲು ಮಾರಾಟಗಾರರು ನಿರಾಕರಿಸುವಂತಿಲ್ಲ. ತಡವಾದದ್ದಕ್ಕೇ ಹೀಗಿರುವಾಗ, ತಲುಪದೇ ಇದ್ದದ್ದಕ್ಕೆ ಏನು ವಾದ ಮಾಡುವುದು?

ಮತ್ತೆ ಕಳಿಸಲೇಬಾರದ ಸಂದರ್ಭಗಳೂ ಇವೆ. ಅದರಲ್ಲಿ ತೊಡಕಿನದು, ಜಾಲತಾಣದಲ್ಲಿ "ಡೆಲಿವರ್ಡ್" ಎಂದಿದೆ, ಕೊಂಡವರು "ಬಂದಿಲ್ಲ" ಎನ್ನುತ್ತಾರೆ. ಇಲ್ಲಿ ಅವಸರದಿಂದ ಇನ್ನೊಂದು ಕಳಿಸಿದರೆ ಅದೂ ಅದೇ ತೂತಿನಲ್ಲಿ ಸೋರಿಹೋಗಬಹುದು. ಮೊದಲು ಕೊರಿಯರಿನವರಿಂದ ತಲುಪಿಸಿದ ಪುರಾವೆ ತರಿಸಿ. ಯಾರ ಸಹಿ, ಯಾವ ಹೊತ್ತು, ಓಟಿಪಿ ಕೇಳಿದರೇ, ಫೋಟೋ ಇದೆಯೇ? ಕೊಂಡವರಿಗೆ ಸೊಸೈಟಿಯ ವಾಚ್‌ಮನ್ ಹತ್ತಿರ, ಪಕ್ಕದ ಮನೆಯಲ್ಲಿ ವಿಚಾರಿಸಲು ಹೇಳಿ. ನಮ್ಮ ಈ ಮಹಾನಗರಗಳಲ್ಲಿ ಹಗಲು ಮನೆಗೆ ಬೀಗ, ಗೇಟಿನಲ್ಲಿ ಕೊಟ್ಟು ಹೋದ ಪೊಟ್ಟಣ ವಾಚ್‌ಮನ್ ಪಾಳಿ ಬದಲಾದಾಗ ಮೇಜಿನ ಕೆಳಗೆ ಉಳಿದುಬಿಡುತ್ತದೆ. ನನಗೆ ಬಂದ ಇಂಥ ದೂರುಗಳಲ್ಲಿ ಅರ್ಧಕ್ಕರ್ಧ ಹೀಗೇ ಬಗೆಹರಿದಿವೆ. ಪುರಾವೆಯ ಸಹಿ ಅವರದಲ್ಲ, ಎಲ್ಲೂ ಸಿಗಲಿಲ್ಲ ಎಂದಾದರೆ ನಾನು ಹಣ ವಾಪಸ್ಸು ಕೊಡುತ್ತೇನೆ, ಮತ್ತೆ ಕಳಿಸುವುದಿಲ್ಲ. ಒಬ್ಬರೇ ಎರಡನೇ ಸಲ ಹಾಗೆಂದರೆ ಮುಂದಿನ ಸಲ ಮಾರುವುದಿಲ್ಲ. ಅನುಮಾನವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಇನ್ನೊಂದು, ಪಿನ್‌ಕೋಡಿನ ತಪ್ಪು. ಒಮ್ಮೆ ಹುಬ್ಬಳ್ಳಿಗೆ ಹೋಗಬೇಕಾದ ಸೀರೆ ಬೆಂಗಳೂರಿನಲ್ಲಿ ಸುತ್ತುತ್ತಿತ್ತು. ವಿಳಾಸ ಕಳಿಸಿದವರು 580020 ಎನ್ನುವ ಬದಲು 560020 ಎಂದು ಬರೆದಿದ್ದರು. ಪಿನ್‌ಕೋಡಿನ ಮೊದಲ ಮೂರು ಅಂಕಿ ಯಾವ ವಿಂಗಡಣಾ ಜಿಲ್ಲೆ ಎಂದು ಹೇಳುತ್ತವೆ. 560 ಬೆಂಗಳೂರು, 580 ಧಾರವಾಡ, ಹುಬ್ಬಳ್ಳಿ ಕಡೆಯದು. ಚೀಟಿಯಲ್ಲಿ ಹುಬ್ಬಳ್ಳಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಯಂತ್ರ ಓದುವುದು ಅಂಕಿಯನ್ನೇ. ಅದು ಕಳೆದ ಪಾರ್ಸೆಲ್ ಅಲ್ಲ, ದಾರಿ ತಪ್ಪಿದ್ದು. ಕಾದೆವು, ನನ್ನ ಮನೆಗೇ ವಾಪಸ್ಸು ಬಂತು. ಎರಡನೇ ಸಲ ಕಳಿಸುವ ಖರ್ಚನ್ನು ಅವರೇ ಕೊಟ್ಟರು, ನಾನೂ ಬೇಡ ಎನ್ನಲಿಲ್ಲ.

ಹಣ ವಾಪಸ್ಸು ಕೊಡುವುದಾದರೆ ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹಾಕಿ, ವ್ಯವಹಾರದ ನಂಬರನ್ನು ಅವರಿಗೆ ಕಳಿಸಿ. "ಬೇರೆ ನಂಬರಿಗೆ ಹಾಕಿ" ಎಂದು ಮೆಸೇಜ್ ಬಂದರೆ ಮೊದಲಿನ ನಂಬರಿಗೆ ಫೋನ್ ಮಾಡಿ, ದನಿ ಕೇಳಿ, ಆಮೇಲೆ ಮುಂದಿನದು. ಸಾಗಣೆ ಖರ್ಚು ಹಿಡಿದುಕೊಂಡು ಮಿಕ್ಕದ್ದನ್ನು ಕೊಡುವುದೂ ಬೇಡ. ಅವರಿಗೆ ಏನೂ ತಲುಪಿಲ್ಲ, ಯಾವುದರ ಖರ್ಚು ಅವರು ಕೊಡಬೇಕು?

ಕೊರಿಯರಿನ ಮೇಲಿನ ದಾವೆಗೆ ಬಿಲ್ಲು, ಚೀಟಿ, ದೂರಿನ ನಂಬರ್, ಪ್ಯಾಕ್ ಮಾಡಿ ತೂಕಕ್ಕಿಟ್ಟ ಫೋಟೋ, ಇಷ್ಟನ್ನು ಮಿಂಚಂಚೆಯಲ್ಲಿ ಬರೆದು ಕಳಿಸಿ. ಬಾಯಿಮಾತು ನಿಲ್ಲುವುದಿಲ್ಲ. ಎಷ್ಟು ದಿನದೊಳಗೆ ಕೇಳಬೇಕು ಎನ್ನುವುದು ಅದೇ ಚೀಟಿಯ ಹಿಂದೆ ಇರುತ್ತದೆ.

ಆ ಹಸಿರು ಸೀರೆಯ ಮಿಕ್ಕ ಕತೆ ಹೇಳಿ ಮುಗಿಸುತ್ತೇನೆ. ಕುಬಸ ಆಯಿತು, ಫೋಟೋ ಬಂತು. 29ನೇ ತಾರೀಖು ಕೊರಿಯರಿನವರ ದೆಹಲಿ ಗೋದಾಮಿನಿಂದ ಫೋನ್. ಹೊರಗಿನ ಚೀಟಿ ಕಿತ್ತುಹೋದ ಒಂದು ಪೊಟ್ಟಣ ಮೂಲೆಯಲ್ಲಿತ್ತಂತೆ. ಒಡೆದು ನೋಡಿದರೆ ಸೀರೆಯ ಮಡಿಕೆಯಲ್ಲಿ ನನ್ನ ಹೆಸರು, ನಂಬರಿನ ಕಾಗದ. ಈ ಕಾಗದ ಇಡುವುದನ್ನು ನನಗೆ ಕಲಿಸಿದವರು ಡೊಂಬಿವಲಿ ಅಂಚೆ ಕಚೇರಿಯಲ್ಲಿ ಸರದಿಯಲ್ಲಿ ನಿಂತಿದ್ದ ಒಬ್ಬ ಅಜ್ಜ. ಅವರ ಹೆಸರು ಕೇಳಿಕೊಳ್ಳಲಿಲ್ಲ.

ಸೀರೆ ವಾಪಸ್ಸು ತರಿಸಿಕೊಂಡೆ, ಕೊರಿಯರಿನ ಮೇಲಿನ ದಾವೆ ಹಿಂದಕ್ಕೆ ತೆಗೆದುಕೊಂಡೆ. ದೆಹಲಿಗೆ ಫೋನ್ ಮಾಡಿ ಸಿಕ್ಕಿತು ಎಂದೆ. "ಛಲೋ ಆತಲ್ಲರಿ" ಎಂದರು. ಸ್ವಲ್ಪ ತಡೆದು, "ಆ ಚಿಕ್ಕಿ ಪರಾಸ್ ಯಾರಿಗೂ ಕೊಡಬ್ಯಾಡ್ರಿ, ತೊಟ್ಟಲ ಕಾರ್ಯಕ್ಕ ನಾನ ತಗೋತೀನಿ. ಈ ಸಲ ಮುಂಬೈಗೆ ಬಂದಾಗ ಕೈಯಾಗ ಒಯ್ತೀನಿ" ಎಂದರು.